ರೋಮ್‌ಗೆ ಹೋಗಿ, ಮಿಲಾನ್‌ನಿಂದ ಮನೆಗೆ: ಓಪನ್ ಜಾ ಟಿಕೆಟ್ ಮಾಡಿಸುವುದು ಹೇಗೆ?

ಇಟಲಿಗೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್. ನಕ್ಷೆ ತೆಗೆದು ನೋಡಿ, ರೋಮ್‌ನಿಂದ ಉತ್ತರಕ್ಕೆ ವೆನಿಸ್‌ವರೆಗೆ, ಅಲ್ಲಿಂದ ಪಶ್ಚಿಮಕ್ಕೆ ಮಿಲಾನ್‌ಗೆ, ಹಿಂದೆ ತಿರುಗದೆ ನಾಲ್ಕೂ ಊರು ಒಂದೇ ದಾರಿಯಲ್ಲಿ ಬರುತ್ತವೆ. ಆದರೂ ಎಷ್ಟೋ ಜನ ಬೆಂಗಳೂರು-ರೋಮ್ ಹೋಗಿಬರುವ ಟಿಕೆಟ್ ತೆಗೆದುಕೊಂಡು, ಕೊನೆಗೆ ಮಿಲಾನ್‌ನಿಂದ ಮತ್ತೆ ರೋಮ್‌ಗೆ ವಾಪಸ್ ಹೋಗುತ್ತಾರೆ. ವೇಗದ ರೈಲಿನಲ್ಲೂ ಅದು ಮೂರು ಗಂಟೆಯ ದಾರಿ. ರೈಲಿನ ಖರ್ಚು, ಹೆಚ್ಚಿನ ಪಾಲು ಒಂದು ರಾತ್ರಿಯ ಹೋಟೆಲ್ ಖರ್ಚು, ಜೊತೆಗೆ ರಜೆಯ ಒಂದು ದಿನ, ಎಲ್ಲ ಈಗಾಗಲೇ ನೋಡಿದ ಊರಿಗೆ ಮರಳಲು ಹೋಗುತ್ತದೆ.

ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ವಾಪಸ್ ಹೊರಡುವ ಟಿಕೆಟ್‌ಗೆ ಓಪನ್ ಜಾ ಅನ್ನುತ್ತಾರೆ. ಜಾ ಅಂದರೆ ದವಡೆ. ಬೆಂಗಳೂರಿನಿಂದ ರೋಮ್‌ಗೊಂದು ಗೆರೆ, ಮಿಲಾನ್‌ನಿಂದ ಬೆಂಗಳೂರಿಗೊಂದು ಗೆರೆ ಎಳೆದರೆ ಬಾಯಿ ತೆರೆದ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು. ಮಧ್ಯದ ಆ ತೆರೆದ ಜಾಗವನ್ನು ನೀವು ರೈಲಿನಲ್ಲೋ ಬಸ್ಸಿನಲ್ಲೋ ತುಂಬಿಕೊಳ್ಳುತ್ತೀರಿ.

ಎರಡು ಬೇರೆ ಬೇರೆ ಒನ್ ವೇ ಟಿಕೆಟ್ ತೆಗೆದುಕೊಂಡರೆ ಆಗಲ್ವಾ? ಆಗುತ್ತದೆ, ಆದರೆ ದೂರದ ದೇಶಗಳಿಗೆ ಹಾರುವ ದೊಡ್ಡ ವಿಮಾನ ಕಂಪನಿಗಳಲ್ಲಿ ಒನ್ ವೇ ಬೆಲೆ ಹೋಗಿಬರುವ ಟಿಕೆಟ್ಟಿನ ಅರ್ಧಕ್ಕಿಂತ ಜಾಸ್ತಿ ಇರುವುದೇ ಹೆಚ್ಚು. ಅದೇ ಓಪನ್ ಜಾ ಮಾಡಿದರೆ ಸಾಮಾನ್ಯವಾಗಿ ಎರಡು ಹೋಗಿಬರುವ ದರಗಳ ಅರ್ಧರ್ಧ ಸೇರಿಸಿ ಬೆಲೆ ಹಾಕುತ್ತಾರೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಬೆಂಗಳೂರು-ರೋಮ್ ಹೋಗಿಬರಲು 60,000 ರೂಪಾಯಿ, ಬೆಂಗಳೂರು-ಮಿಲಾನ್ ಹೋಗಿಬರಲು 64,000. ಓಪನ್ ಜಾ ಸುಮಾರು 62,000ಕ್ಕೆ ಬರಬೇಕು. ರೋಮ್ ಟಿಕೆಟ್ಟಿಗಿಂತ 2,000 ಜಾಸ್ತಿ ಆಯಿತು ಅನಿಸಬಹುದು, ಆದರೆ ಮಿಲಾನ್‌ನಿಂದ ರೋಮ್‌ಗೆ ಮರಳುವ ರೈಲು, ರೂಮು ಎರಡೂ ಉಳಿದವು.

ಈಗ ಕೆಲಸಕ್ಕೆ ಬರೋಣ. ಮೊದಲು ಮಾಮೂಲಿ ಹೋಗಿಬರುವ ದರ ಎರಡೂ ಊರಿಗೆ ಎಷ್ಟಿದೆ ಅಂತ ನಿಮ್ಮ ದಿನಾಂಕಗಳಿಗೇ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದನ್ನು ಬಿಡಬೇಡಿ. ಮುಂದೆ ಬರುವ ಬೆಲೆ ಸರಿಯೋ ತಪ್ಪೋ ಅಂತ ಗೊತ್ತಾಗುವುದು ಈ ಎರಡು ಅಂಕಿಗಳಿಂದಲೇ.

ಆಮೇಲೆ ಗೂಗಲ್ ಫ್ಲೈಟ್ಸ್‌ನಲ್ಲಾಗಲಿ ವಿಮಾನ ಕಂಪನಿಯ ಸೈಟಿನಲ್ಲಾಗಲಿ Round trip ಬಿಟ್ಟು Multi-city ಆರಿಸಿ. ಎರಡೇ ಸಾಲು ತುಂಬಿ:

```
BLR → FCO
MXP → BLR
```

FCO ಅಂದರೆ ರೋಮ್‌ನ ಫ್ಯೂಮಿಚಿನೊ, MXP ಅಂದರೆ ಮಿಲಾನ್‌ನ ಮಲ್ಪೆನ್ಸಾ. ಮಿಲಾನ್ ಹೆಸರಲ್ಲಿ LIN, BGY ಅನ್ನುವ ಬೇರೆ ವಿಮಾನ ನಿಲ್ದಾಣಗಳೂ ಬರುತ್ತವೆ. ಕೊಲ್ಲಿ ದೇಶಗಳ ಮೂಲಕ ಬೆಂಗಳೂರಿಗೆ ಬರುವ ಕಂಪನಿಗಳನ್ನು ಹುಡುಕುವುದಾದರೆ ಮಲ್ಪೆನ್ಸಾ ಹಾಕಿ. ಎಮಿರೇಟ್ಸ್, ಕತಾರ್ ಏರ್‌ವೇಸ್, ಎತಿಹಾದ್ ಮೂರಕ್ಕೂ ರೋಮ್ ಮತ್ತು ಮಿಲಾನ್ ಎರಡೂ ಕಡೆಗೆ ವಿಮಾನ ಇದೆ, ಹಾಗಾಗಿ ಹೋಗುವುದು ಬರುವುದು ಒಂದೇ ಕಂಪನಿಯಲ್ಲಿ ಸಿಗುತ್ತದೆ.

ಬಂದ ಬೆಲೆಯನ್ನು ಚೀಟಿಯ ಜೊತೆ ಹೋಲಿಸಿ. ಎರಡು ದರಗಳ ಸರಾಸರಿಯ ಹತ್ತಿರ ಇದ್ದರೆ ಸರಿಯಾಗಿದೆ. 62,000 ಬರಬೇಕಾದಲ್ಲಿ 85,000 ತೋರಿಸಿದರೆ ಓಪನ್ ಜಾ ದುಬಾರಿ ಅಂತ ಕೈಬಿಡಬೇಡಿ. ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, ಹೋಗುವುದಕ್ಕೆ ಒಂದು ಕಂಪನಿ, ಬರುವುದಕ್ಕೆ ಇನ್ನೊಂದು ಕಂಪನಿ ಸೇರಿಬಿಟ್ಟಿರುತ್ತದೆ, ಆಗ ಅರ್ಧರ್ಧದ ಲೆಕ್ಕ ಕೂಡುವುದಿಲ್ಲ. ಫಿಲ್ಟರ್‌ನಲ್ಲಿ ಒಂದೇ ಕಂಪನಿ ಇಟ್ಟು ನೋಡಿ. ಇನ್ನೊಂದು, ಆ ದಿನದ ಕಡಿಮೆ ದರದ ಸೀಟುಗಳು ಒಂದು ಕಡೆಯಲ್ಲಿ ಮುಗಿದುಹೋಗಿರುತ್ತವೆ. ಬರುವ ದಿನವನ್ನು ಒಂದೆರಡು ದಿನ ಆಚೀಚೆ ಮಾಡಿ. ಪ್ರವಾಸವನ್ನೇ ತಿರುಗಿಸಿ, ಮಿಲಾನ್‌ನಲ್ಲಿ ಇಳಿದು ರೋಮ್‌ನಿಂದ ಹೊರಡುವ ಹಾಗೆ ಕೂಡ ಒಮ್ಮೆ ನೋಡಿ. ಊರುಗಳು ಅವೇ, ಬೆಲೆ ಮಾತ್ರ ಕೆಲವೊಮ್ಮೆ ಬೇರೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. Multi-city ಅಂತ ಕಂಡ ತಕ್ಷಣ ಮಧ್ಯದ ಸಾಲನ್ನೂ ತುಂಬಬೇಡಿ. ನಮ್ಮ ದೊಡ್ಡಪ್ಪನ ಮಗ ರೋಮ್‌ನಿಂದ ಮಿಲಾನ್‌ಗೆ ವಿಮಾನವನ್ನೂ ಅದೇ ಟಿಕೆಟ್ಟಿನಲ್ಲಿ ಸೇರಿಸಿದ್ದ. ಅಲ್ಲಿಗೆ ಹೋದ ಮೇಲೆ ಮನಸ್ಸು ಬದಲಾಗಿ, ಮಕ್ಕಳಿಗೆ ಊರು ತೋರಿಸುತ್ತಾ ಹೋಗೋಣ ಅಂತ ಎಲ್ಲರನ್ನೂ ರೈಲು ಹತ್ತಿಸಿದ. ಕೊನೆಯ ದಿನ ಕೌಂಟರ್‌ಗೆ ಹೋದರೆ ವಾಪಸ್ ಸೀಟೇ ಇಲ್ಲ. ಒಂದು ಟಿಕೆಟ್ಟಿನಲ್ಲಿರುವ ವಿಮಾನವನ್ನು ಹೇಳದೆ ಕೇಳದೆ ತಪ್ಪಿಸಿದರೆ, ಅದರ ಮುಂದಿನ ವಿಮಾನಗಳನ್ನೆಲ್ಲ ರದ್ದು ಮಾಡುವುದು ಕಂಪನಿಗಳ ಸಾಮಾನ್ಯ ನಿಯಮ. ನಾಲ್ಕು ಜನರಿಗೆ ಅದೇ ದಿನದ ಬೆಲೆಯಲ್ಲಿ ಹೊಸ ಟಿಕೆಟ್ ತೆಗೆದುಕೊಂಡು ಬಂದರು. ಹಾಗಾಗಿ ಖಂಡಿತ ಹತ್ತುತ್ತೀರಿ ಅನ್ನುವ ವಿಮಾನ ಮಾತ್ರ ಟಿಕೆಟ್ಟಿನಲ್ಲಿರಲಿ.

ಹಣ ಕಟ್ಟುವ ಮೊದಲು ಎರಡೂ ಪ್ರಯಾಣ ಒಂದೇ ಪಿಎನ್ಆರ್‌ನಲ್ಲಿ ಬರುತ್ತವೆಯೇ ಅಂತ ಖಚಿತ ಮಾಡಿಕೊಳ್ಳಿ. ಕೆಲವು ಬುಕಿಂಗ್ ಸೈಟುಗಳು ಎರಡು ಒನ್ ವೇ ಟಿಕೆಟ್ಟುಗಳನ್ನು ಜೋಡಿಸಿ ಒಂದೇ ಬೆಲೆಯಾಗಿ ತೋರಿಸುತ್ತವೆ. ಆಮೇಲೆ ದಿನ ಬದಲಿಸಬೇಕಾದರೆ ಎರಡು ಕಡೆ ದಂಡ ಕಟ್ಟಬೇಕಾಗಬಹುದು. ಏಜೆಂಟರ ಹತ್ತಿರ ಮಾಡಿಸಿದರೆ ಟಿಕೆಟ್ಟಿನ ಮಧ್ಯದಲ್ಲಿ ARNK ಅಂತ ಕಾಣಬಹುದು, ಗಾಬರಿ ಬೇಡ. ಆ ದೂರವನ್ನು ನೀವು ವಿಮಾನದಲ್ಲಿ ಹೋಗುತ್ತಿಲ್ಲ ಅನ್ನುವುದಕ್ಕೆ ಹಾಕುವ ಗುರುತು ಅದು.

ಮಧ್ಯದ ರೈಲುಗಳನ್ನು ಟ್ರೆನಿಟಾಲಿಯಾ ಅಥವಾ ಇಟಾಲೊ ಸೈಟಿನಲ್ಲಿ ಬೇರೆಯಾಗಿ ತೆಗೆದುಕೊಳ್ಳಿ. ವೇಗದ ರೈಲಿನಲ್ಲಿ ರೋಮ್‌ನಿಂದ ಫ್ಲಾರೆನ್ಸ್ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ ಎರಡು ಗಂಟೆ ಚಿಲ್ಲರೆ, ವೆನಿಸ್‌ನಿಂದ ಮಿಲಾನ್ ಸುಮಾರು ಎರಡೂವರೆ ಗಂಟೆ. ಮೊದಲೇ ತೆಗೆದುಕೊಂಡರೆ ಅಗ್ಗ, ಆದರೆ ತೀರಾ ಅಗ್ಗದ ಟಿಕೆಟ್ಟಿಗೆ ಹಣ ವಾಪಸ್ ಬರುವುದಿಲ್ಲ. ವೀಸಾ ಕೈಗೆ ಬಂದ ಮೇಲೆ ತೆಗೆದುಕೊಳ್ಳುವುದು ಒಳ್ಳೆಯದು.

ವೀಸಾ ವಿಷಯಕ್ಕೆ ಬಂದರೆ, ನಾಲ್ಕೂ ಊರು ಇಟಲಿಯಲ್ಲೇ ಇರುವುದರಿಂದ ಅರ್ಜಿ ಇಟಲಿಗೇ. ಪ್ಯಾರಿಸ್‌ವರೆಗೆ ಹೋಗಿ ಅಲ್ಲಿಂದ ಮನೆಗೆ ಹೊರಡುವುದಾದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಷೆಂಗೆನ್ ಅರ್ಜಿ ಹಾಕಬೇಕು, ದಿನ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಒಂದೂರಲ್ಲಿ ಇಳಿದು ಇನ್ನೊಂದೂರಿಂದ ಹೊರಡುವುದು ತಪ್ಪೇನಲ್ಲ, ಆದರೆ ಪ್ರತಿ ರಾತ್ರಿಗೂ ಹೋಟೆಲ್, ಊರಿಂದ ಊರಿಗೆ ಹೇಗೆ ಹೋಗುತ್ತೀರಿ ಅನ್ನುವುದು ಪ್ರವಾಸದ ಪಟ್ಟಿಯಲ್ಲಿ ಸ್ಪಷ್ಟವಾಗಿರಲಿ.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ನಮ್ಮ ದೇಶದೊಳಗೆ ದೆಹಲಿಗೆ ಹೋಗಿ ವಾರಾಣಸಿಯಿಂದ ಬೆಂಗಳೂರಿಗೆ ಬರುವುದಾದರೆ ಇಂಡಿಗೊ ಥರದ ಕಂಪನಿಗಳು ಹೆಚ್ಚಾಗಿ ಒಂದೊಂದು ಕಡೆಗೆ ಬೇರೆ ಬೇರೆ ಬೆಲೆ ಹಾಕುತ್ತವೆ. ಅಲ್ಲಿ ಸುಮ್ನೆ ಎರಡು ಒನ್ ವೇ ತೆಗೆದುಕೊಳ್ಳಿ, ಯಾವುದು ಅಗ್ಗವೋ ಆ ಕಂಪನಿಯಲ್ಲಿ. ಹಾಗೆಯೇ ಇಟಲಿಯಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವವರು ಗಮನಿಸಿ, ರೋಮ್‌ನಲ್ಲಿ ತೆಗೆದುಕೊಂಡ ಕಾರನ್ನು ಮಿಲಾನ್‌ನಲ್ಲಿ ಬಿಟ್ಟರೆ ಹೆಚ್ಚಾಗಿ ಬೇರೆ ಶುಲ್ಕ ಹಾಕುತ್ತಾರೆ, ವಿಮಾನದಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು.

ಕೊನೆಯ ರಾತ್ರಿ ಮಿಲಾನ್‌ನಲ್ಲೇ ಇರಿ. ವೆನಿಸ್‌ನಿಂದ ಅದೇ ದಿನ ರೈಲು ಹಿಡಿದು ವಿಮಾನಕ್ಕೆ ಓಡುವ ಯೋಚನೆ ಬೇಡ, ರೈಲು ತಡವಾದರೆ ವಿಮಾನ ಕಂಪನಿ ಹೊಣೆ ಹೊರುವುದಿಲ್ಲ. ಮಲ್ಪೆನ್ಸಾ ಊರಿನಿಂದ ಸುಮಾರು 50 ಕಿಲೋಮೀಟರ್ ದೂರ ಇದೆ. ಮಲ್ಪೆನ್ಸಾ ಎಕ್ಸ್‌ಪ್ರೆಸ್ ರೈಲು ಕದೋರ್ನಾದಿಂದಲೂ ಸೆಂಟ್ರಾಲೆಯಿಂದಲೂ ಸಿಗುತ್ತದೆ, ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. ಹೋಟೆಲ್ ಹುಡುಕುವಾಗಲೇ ಈ ಎರಡು ಸ್ಟೇಷನ್‌ಗಳಲ್ಲಿ ಒಂದರ ಹತ್ತಿರ ನೋಡಿದರೆ, ಬೆಳಗಿನ ವಿಮಾನಕ್ಕೆ ಸೂಟ್‌ಕೇಸ್ ಎಳೆದುಕೊಂಡು ನಡೆದೇ ಹೋಗಬಹುದು.