ಕಂಪನಿ ಆಗುವ ಮೊದಲೇ ಸಹಿ ಹಾಕಿದ ಕರಾರು

ನಾನು ಚಿಕ್ಕಮಗಳೂರಿನಲ್ಲಿ ಕಂಪನಿ ಸೆಕ್ರೆಟರಿ. ಮೂಡಿಗೆರೆ ಕಡೆಯ ಅಣ್ಣ-ತಮ್ಮ ಇಬ್ಬರು ಕಾಫಿ ಹುರಿಯುವ ಕಂಪನಿ ಮಾಡಲು ಬಂದಿದ್ದರು. ರೋಸ್ಟರ್ ಮೆಷಿನ್ ಮಾರುವವರು 18 ಲಕ್ಷದ ರೇಟಿಗೆ ತಕ್ಷಣ ಆರ್ಡರ್ ಬೇಕು, 5 ಲಕ್ಷ ಅಡ್ವಾನ್ಸ್ ಕೊಡಿ ಎಂದಿದ್ದರಂತೆ. "ಕಂಪನಿ ಹೆಸರಲ್ಲೇ ಸೈನ್ ಹಾಕ್ತೀವಿ ಸಾರ್, ಹೇಗೂ ಆಗುತ್ತಲ್ವಾ?" ಎಂದರು ತಮ್ಮ.

ಬೇಡ ಎಂದೆ. ಇನ್ನೂ ಹುಟ್ಟದ ಕಂಪನಿಗೆ ಯಾರೂ ಏಜೆಂಟ್ ಆಗಲಾರರು. 1866ರ ಇಂಗ್ಲೆಂಡಿನ ಕೆಲ್ನರ್-ಬ್ಯಾಕ್ಸ್ಟರ್ ಕೇಸಿನಲ್ಲಿ ಹೀಗೇ ಆಯಿತು. ಇನ್ನೂ ಆಗದ ಹೋಟೆಲ್ ಕಂಪನಿಗಾಗಿ ವೈನ್ ಕೊಂಡರು. ವೈನ್ ಖಾಲಿಯಾಯಿತು, ಕಂಪನಿಯೂ ಮುಳುಗಿತು. ದುಡ್ಡು ಕಟ್ಟಬೇಕಾದವರು ಸಹಿ ಹಾಕಿದವರೇ. ಕಂಪನಿ ಆಮೇಲೆ ಒಪ್ಪಿದ್ದರೂ ಹಳೆಯ ಕರಾರಿಗೆ ಜೀವ ಬರದು ಎಂದಿತು ಕೋರ್ಟು.

ನಮ್ಮಲ್ಲಿ ಒಂದು ದಾರಿಯಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 15(ಎಚ್) ಪ್ರಕಾರ ಕಂಪನಿ ಆ ಕರಾರನ್ನು ಜಾರಿ ಮಾಡಿಸಬಹುದು. 19(ಇ) ಪ್ರಕಾರ ಎದುರಿನವರೂ ಕಂಪನಿಯ ಮೇಲೆ ಜಾರಿ ಮಾಡಿಸಬಹುದು. ಷರತ್ತು ಇಷ್ಟು: ಕರಾರು ಕಂಪನಿಯ ಉದ್ದೇಶಕ್ಕಾಗಿಯೇ ಆಗಿರಬೇಕು, ಸ್ಥಾಪನೆಯ ದಾಖಲೆಯಲ್ಲಿ ಅದಕ್ಕೆ ಜಾಗವಿರಬೇಕು. ಕಂಪನಿ ಅದನ್ನು ಒಪ್ಪಿ, ಒಪ್ಪಿದ್ದನ್ನು ಎದುರಿನವರಿಗೆ ತಿಳಿಸಿರಬೇಕು. ಹಾಗಾಗಿ ಆ ಸ್ಥಾಪನೆಯ ದಾಖಲೆಯಾದ ಮೆಮೊರಾಂಡಮ್‌ನಲ್ಲಿ ಕಾಫಿ ಹುರಿದು ಮಾರುವುದನ್ನು ಸ್ಪಷ್ಟವಾಗಿ ಬರೆಸಿದೆ.

ಕರಾರಿಗೆ ಅಣ್ಣ-ತಮ್ಮ ತಮ್ಮದೇ ಹೆಸರಲ್ಲಿ, 'ಸ್ಥಾಪಿಸಲಿರುವ ಕಂಪನಿಗಾಗಿ' ಎಂದು ಸಹಿ ಹಾಕಿದರು. ಎರಡು ಮಾತು ಸೇರಿಸಿದೆ. ಕಂಪನಿ ಹೊಸ ಕರಾರಿಗೆ ಸಹಿ ಹಾಕಿದ ಕೂಡಲೇ ಇವರಿಬ್ಬರೂ ಹೊಣೆಯಿಂದ ಬಿಡುಗಡೆ. ಕಂಪನಿ ಆಗದೇ ಹೋದರೆ ಅಡ್ವಾನ್ಸ್‌ಗಿಂತ ಜಾಸ್ತಿ ಇವರಿಂದ ಕೇಳುವಂತಿಲ್ಲ. ಎರಡನೆಯದಕ್ಕೆ ಮೆಷಿನ್‌ನವರು ಸುಲಭಕ್ಕೆ ಒಪ್ಪಲಿಲ್ಲ, ತುಸು ಚೌಕಾಸಿ ನಡೆಯಿತು.

ನೋಂದಣಿ ಆದ ಮೇಲೆ ಮೊದಲ ಬೋರ್ಡ್ ಮೀಟಿಂಗಿನಲ್ಲೇ ಕರಾರು ಒಪ್ಪುವ ನಿರ್ಣಯ ಮಾಡಿಸಿದೆ. ಅದರ ಪ್ರತಿ ಸೇರಿಸಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆವು. ಅಷ್ಟರಲ್ಲಿ ಉಕ್ಕಿನ ಬೆಲೆ ಏರಿದೆ, ನಿಮ್ಮ ಕಂಪನಿಯ ಜೊತೆ ನಮ್ಮ ಕರಾರೇ ಇಲ್ಲ ಎಂದು ಮೆಷಿನ್‌ನವರು ಹಿಂದೆ ಸರಿಯಲು ನೋಡಿದರು. ಪತ್ರ ತಲುಪಿದ ರಸೀದಿ ತೋರಿಸಿ 15(ಎಚ್) ನೆನಪಿಸಿದ ಮೇಲೆ ಹಳೆಯ ರೇಟಿಗೇ ಬಂದರು.

ಅಷ್ಟಕ್ಕೇ ನಿಲ್ಲಿಸಬಾರದು. ಕಂಪನಿ ಒಪ್ಪಿದರೆ ಕಂಪನಿ ಬದ್ಧವಾಗುತ್ತದೆ, ಆದರೆ ಅಷ್ಟರಿಂದಲೇ ಸಹಿ ಹಾಕಿದವರ ಹೊಣೆ ಕಳಚುತ್ತದೆ ಎಂದು ನಂಬಬೇಡಿ. ಅದಕ್ಕೆ ಎದುರಿನವರ ಒಪ್ಪಿಗೆಯೂ ಬೇಕು. ಹಳೆಯ ಕರಾರಿನ ಜಾಗದಲ್ಲಿ ಹೊಸದನ್ನು ಇಡಲು ಕರಾರು ಕಾಯ್ದೆಯ 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕಂಪನಿ, ಮೆಷಿನ್‌ನವರು, ಅಣ್ಣ-ತಮ್ಮ ಎಲ್ಲರೂ ಸಹಿ ಹಾಕಿದ ಹೊಸ ಕರಾರು ಮಾಡಿಸಿದೆ. ಮೆಷಿನ್ ಬಿಲ್ಲನ್ನು ಕಂಪನಿಯ ಜಿಎಸ್‌ಟಿ ನಂಬರಿಗೇ ಹಾಕಿಸಿದೆವು. ಇವರು ಕೈಯಿಂದ ಕೊಟ್ಟ 5 ಲಕ್ಷ ಕಂಪನಿಯ ಲೆಕ್ಕದಲ್ಲಿ ಡೈರೆಕ್ಟರ್‌ಗಳ ಸಾಲವಾಗಿ ಕೂತಿತು.