ರಿಹರ್ಸಲ್ ಡಿನ್ನರ್‌ನಲ್ಲಿ ನಾನು ಮಾತಾಡಿದ್ದು ಹೀಗೆ

ಅಮೆರಿಕದಲ್ಲಿ ಮದುವೆಯ ಹಿಂದಿನ ಸಂಜೆ, ಮರುದಿನ ಯಾರು ಎಲ್ಲಿ ನಿಲ್ಲಬೇಕು, ಯಾರ ಹಿಂದೆ ಯಾರು ನಡೆದು ಬರಬೇಕು ಅಂತ ಒಂದು ತಾಲೀಮು ಇರುತ್ತದೆ. ಅದು ಮುಗಿದ ಮೇಲಿನ ಊಟವೇ ರಿಹರ್ಸಲ್ ಡಿನ್ನರ್. ಅದನ್ನು ಗಂಡಿನ ಅಪ್ಪ ಅಮ್ಮ ಕೊಡುವುದು ಅಲ್ಲಿನ ಹಳೆಯ ರೂಢಿ, ಊಟ ಕೊಟ್ಟವರೇ ಮೊದಲು ಎದ್ದು ನಾಲ್ಕು ಮಾತಾಡಿ ಗ್ಲಾಸ್ ಎತ್ತುತ್ತಾರೆ. ಶಿಕಾಗೋ ಹತ್ತಿರ ನಮ್ಮ ಮಗನ ಮದುವೆಯಾದಾಗ ಆ ಮಾತು ನನ್ನ ಪಾಲಿಗೆ ಬಂತು.

ನಾನು ಮೊದಲು ತೀರ್ಮಾನಿಸಿದ್ದು ಯಾವಾಗ ಮಾತಾಡಬೇಕು ಅನ್ನೋದನ್ನ. ಶಿಕಾಗೋದಲ್ಲಿ ಬೇಸಿಗೆಯ ಸಂಜೆ 7 ಗಂಟೆ ಅಂದರೆ ನಮ್ಮೂರಲ್ಲಿ ಮರುದಿನ ಬೆಳಗಿನ ಜಾವ ಐದೂವರೆ. ಆಗ ತಾನೇ ಬಂದಿಳಿದ ಭಾವ, ಅತ್ತಿಗೆ ಎಲ್ಲರ ಮೈ ಇನ್ನೂ ಶಿವಮೊಗ್ಗದ ಗಡಿಯಾರದಲ್ಲೇ ಇರುತ್ತದೆ. ಅಂದರೆ ಅವರು ರಾತ್ರಿಯಿಡೀ ಎದ್ದು ಕೂತಂತೆ. ಅಂಥವರನ್ನು ಊಟವಾದ ಮೇಲೆ ಭಾಷಣಕ್ಕೆ ಕೂರಿಸಿದರೆ ತೂಕಡಿಸುತ್ತಾರೆ, ತೂಕಡಿಸಿದ್ದಕ್ಕೆ ಆಮೇಲೆ ತಾವೇ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೇ ಎಲ್ಲರೂ ಕೂತು, ಬಡಿಸುವವರು ಗ್ಲಾಸ್‌ಗಳನ್ನು ತುಂಬಿಸಿದ ತಕ್ಷಣ, ಊಟಕ್ಕೆ ಮುಂಚೆಯೇ ಎದ್ದು ನಿಂತೆ. ನಮ್ಮವರ ಮೇಜಿಗೆ ನಿಂಬೆ ಪಾನಕ ಹಾಕಿಸಿದ್ದೆ. ಏನು ಕುಡಿಯುತ್ತೀರಿ ಅನ್ನೋದು ಮುಖ್ಯವಲ್ಲ, ಖಾಲಿ ಗ್ಲಾಸ್ ಎತ್ತುವ ಮುಜುಗರ ಯಾರಿಗೂ ಆಗಬಾರದು, ಅಷ್ಟೇ.

ಬಂದವರ ಹೆಸರನ್ನೆಲ್ಲ ಓದಲಿಲ್ಲ. ಹೆಸರಿನ ಪಟ್ಟಿ ಶುರು ಮಾಡಿದರೆ ಒಬ್ಬರಾದರೂ ಬಿಟ್ಟು ಹೋಗುತ್ತಾರೆ, ನಮ್ಮ ಕುಟುಂಬಗಳಲ್ಲಿ ಅದು ಎಷ್ಟು ವರ್ಷ ಉಳಿಯುತ್ತದೆ ಅಂತ ನಿಮಗೆ ಗೊತ್ತಲ್ವಾ. ಹೆಸರಿನ ಬದಲು, ಬರೋದಕ್ಕೆ ಅವರು ಪಟ್ಟ ಪಾಡನ್ನು ಹೇಳಿದೆ. ಒಂದೊಂದು ಗುಂಪಿಗೆ ಒಂದೇ ಮಾತು, ಆದರೆ ಅದು ಅವರಿಗೆ ಮಾತ್ರ ಒಪ್ಪುವಂಥದ್ದು. ಅದಕ್ಕಾಗಿ ಹಿಂದಿನ ವಾರ ಫೋನ್ ಮಾಡಿದಾಗಲೆಲ್ಲ "ಪ್ರಯಾಣದ ತಯಾರಿ ಹೇಗಿದೆ?" ಅಂತ ಕೇಳಿ ಬರೆದಿಟ್ಟುಕೊಂಡಿದ್ದೆ. ಆರೋಗ್ಯ, ದುಡ್ಡು, ಬರಲಾಗದವರ ಸುದ್ದಿ ಇವನ್ನು ಬೇಕೆಂದೇ ಬಿಟ್ಟೆ. ಸಾಲ ಮಾಡಿ ಬಂದವರಿದ್ದರೆ ಟಿಕೆಟ್ ದರದ ಮಾತು ಚುಚ್ಚುತ್ತದೆ.

ಭಾಷೆಯದು ಇನ್ನೊಂದು ವಿಷಯ. ಪ್ರತಿ ವಾಕ್ಯವನ್ನೂ ಎರಡೆರಡು ಸಲ ಹೇಳಿದರೆ ಹೊತ್ತು ಜಾಸ್ತಿಯಾಗುತ್ತದೆ, ಸದಾ ಅರ್ಧ ಜನ ಸುಮ್ನೆ ಕಾಯುತ್ತಿರುತ್ತಾರೆ. ಹಾಗಾಗಿ ಹುಡುಗಿ ಕಡೆಯವರಿಗೆ ಇಂಗ್ಲಿಷ್, ನಮ್ಮವರಿಗೆ ಕನ್ನಡ, ಕೊನೆಯ ಸಾಲು ಮಾತ್ರ ಎರಡರಲ್ಲೂ. ಅಯೋವಾದಿಂದ ಕಾರಿನಲ್ಲಿ ಬಂದಿದ್ದ ಹುಡುಗಿಯ ಅಜ್ಜಿಗೆ, "ಇಷ್ಟು ದೂರ ಕೂತು ಬಂದಿದ್ದೀರಿ, ದಾರಿಯುದ್ದಕ್ಕೂ ಮಡಿಲಲ್ಲಿ ಕೇಕಿನ ಡಬ್ಬಿ ಹಿಡಿದಿದ್ದಿರಂತೆ, ನಮ್ಮ ಮನೆಗೂ ಅಜ್ಜಿ ಬಂದಂತಾಯಿತು" ಅಂದೆ. ಆಮೇಲೆ "ಈಗ ನಮ್ಮ ಊರಿನವರ ಜೊತೆ ಒಂದು ನಿಮಿಷ ನಮ್ಮ ಭಾಷೆಯಲ್ಲಿ ಮಾತಾಡುತ್ತೇನೆ" ಅಂತ ಇಂಗ್ಲಿಷಿನಲ್ಲೇ ತಿಳಿಸಿ, ನಮ್ಮವರ ಕಡೆ ತಿರುಗಿದೆ. ನಾನು ಹೇಳಿದ್ದು ಇಷ್ಟು:

"ಭಾವ, ಅಕ್ಕ, ನೀವು ವೀಸಾ ಸಂದರ್ಶನಕ್ಕೆ ಅಂತ ಚೆನ್ನೈಗೆ ಹೋಗಿ ಬಿಸಿಲಲ್ಲಿ ನಿಂತಿರಿ. ಅತ್ತಿಗೆ, ನೀವು ತೋಟವನ್ನು ಇನ್ನೊಬ್ಬರ ಕೈಗೆ ಬಿಟ್ಟು ಬಂದಿದ್ದೀರಿ, ಅದು ನಿಮಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಕ್ಕಳಾ, ನೀವು ಪರೀಕ್ಷೆ ಮುಗಿಸಿದವರೇ ವಿಮಾನ ಹತ್ತಿದ್ರಿ. ನೀವೆಲ್ಲ ಬಂದಿದ್ದರಿಂದ ಇದು ನಮ್ಮ ಮನೆಯ ಮದುವೆ ಅನ್ನಿಸುತ್ತಿದೆ. ನಾಳೆ ನಿಮಗೆ ಒಂದೂ ಕೆಲಸವಿಲ್ಲ. ಬಡಿಸೋದು, ಅಕ್ಷತೆ ಹಂಚೋದು, ಲೆಕ್ಕ ಬರೆಯೋದು ಯಾವುದೂ ಇಲ್ಲ. ಹತ್ತು ಗಂಟೆಗೆ ಹೋಟೆಲ್ ಬಾಗಿಲಿಗೆ ಬಸ್ಸು ಬರುತ್ತದೆ, ಹತ್ತಿ ಕೂತ್ಕೊಳ್ಳಿ, ಸಾಕು."

ಮನಸ್ಸು ಹಗುರಾಗೋದು ಈ ಕೊನೆಯ ಭಾಗದಿಂದ ಅಂತ ನನ್ನ ನಂಬಿಕೆ. "ಆರಾಮಾಗಿರಿ" ಅಂತ ಹೇಳಿದರೆ ಯಾರೂ ಆರಾಮಾಗುವುದಿಲ್ಲ. ಮದುವೆ ಮನೆಯಲ್ಲಿ ಜವಾಬ್ದಾರಿ ಹೊತ್ತೇ ಅಭ್ಯಾಸವಾದ ಹಿರಿಯರಿಗೆ ಯಾವ ಕೆಲಸ ಇಲ್ಲ, ಎಷ್ಟು ಹೊತ್ತಿಗೆ ಎಲ್ಲಿರಬೇಕು ಅಂತ ಬಿಡಿಸಿ ಹೇಳಬೇಕು. ಅತ್ತಿಗೆ ಆಗಲೇ ಕುರ್ಚಿಗೆ ಒರಗಿ ಕೂತಿದ್ದು ನನಗೆ ಕಾಣಿಸಿತು.

ಹುಡುಗ ಹುಡುಗಿಯ ಪ್ರೇಮಕಥೆಯನ್ನು ಮುಟ್ಟಲಿಲ್ಲ, ಅದು ಮರುದಿನ ರಿಸೆಪ್ಶನ್‌ನಲ್ಲಿ ಮಾತಾಡುವ ಗೆಳೆಯರ ಪಾಲು. ಎಲ್ಲ ಸೇರಿ ಮೂರು ನಿಮಿಷದೊಳಗೆ ಮುಗಿಯಿತು. ಕೊನೆಗೆ ಗ್ಲಾಸ್ ಎತ್ತುವಾಗ ಹಿರಿಯರು ಗಡಿಬಿಡಿಯಲ್ಲಿ ಏಳಲು ಹೋದರು, "ನೀವು ಕೂತೇ ಇರಿ" ಅಂದೆ. ಮಗ, ಸೊಸೆ ಇಬ್ಬರನ್ನೂ ಎಬ್ಬಿಸಿ ನನ್ನ ಪಕ್ಕ ನಿಲ್ಲಿಸಿಕೊಂಡೆ. "ದೂರದಿಂದ ಬಂದವರಿಗೆ" ಅಂತ ಎರಡೂ ಭಾಷೆಯಲ್ಲಿ ಹೇಳಿ, ನಾವು ಮೂವರೂ ಅವರ ಕಡೆಗೆ ಗ್ಲಾಸ್ ಎತ್ತಿದೆವು. ಆಮೇಲೆ ಊಟ ಬಡಿಸಲು ಹೇಳಿದೆ.