ಲಿಂಕ್ಡ್‌ಇನ್‌ನಲ್ಲಿ ‘ಕೆಲಸ ಖಾಲಿ ಇದೆ’ ಪೋಸ್ಟ್ ಕಂಡಾಗ ರಿಕ್ರೂಟರ್‌ಗೆ ಬರೆಯುವುದು ಹೇಗೆ?

ಪೀಣ್ಯದ ಯಂತ್ರಭಾಗ ತಯಾರಿಕಾ ಕಂಪನಿಯೊಂದಕ್ಕೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಎಂದು ಅಲ್ಲಿನ ಎಚ್‌ಆರ್ ಒಬ್ಬರು ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದಾರೆ ಎಂದುಕೊಳ್ಳಿ. 3ರಿಂದ 5 ವರ್ಷ ಅನುಭವ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, 30 ದಿನದೊಳಗೆ ಸೇರಬೇಕು ಎಂದಿದೆ. ಕೆಳಗಿನ ಕಾಮೆಂಟುಗಳಲ್ಲಿ ‘ಇಂಟರೆಸ್ಟೆಡ್’ ಎಂಬ ಒಂದೇ ಪದ ಸಾಲುಗಟ್ಟಿ ನಿಂತಿರುತ್ತದೆ. ಅದನ್ನು ಬರೆದವರು ಯಾರು, ಅವರಿಗೆ ಏನು ಗೊತ್ತು ಎಂದು ತಿಳಿಯಲು ಎಚ್‌ಆರ್ ಒಂದೊಂದು ಪ್ರೊಫೈಲನ್ನೂ ತೆರೆಯಬೇಕು. ಅಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ.

ಮೊದಲು ಪೋಸ್ಟನ್ನು ಕೊನೆಯ ಸಾಲಿನವರೆಗೆ ಓದಿ. ರೆಸ್ಯೂಮೆಯನ್ನು ಇಂಥ ಇ–ಮೇಲ್‌ಗೆ ಕಳಿಸಿ ಎಂದಿದ್ದರೆ ಅಲ್ಲಿಗೇ ಕಳಿಸಬೇಕು. ಲಿಂಕ್ಡ್‌ಇನ್ ಸಂದೇಶದಲ್ಲಿ ‘ಇಂದು ಬೆಳಿಗ್ಗೆ ಈ ಹೆಸರಿನಲ್ಲಿ ಮೇಲ್ ಕಳಿಸಿದ್ದೇನೆ’ ಎಂದರೆ ಸಾಕು. ಜಾಬ್ ಐಡಿ ಕೊಟ್ಟಿದ್ದರೆ ಕಂಪನಿಯ ವೆಬ್‌ಸೈಟಿನಲ್ಲೂ ಅರ್ಜಿ ಹಾಕಿ, ಆ ಸಂಖ್ಯೆಯನ್ನು ಸಂದೇಶದಲ್ಲಿ ಬರೆಯಿರಿ. ಎಚ್‌ಆರ್‌ಗೆ ನಿಮ್ಮ ಅರ್ಜಿ ಹುಡುಕುವುದು ಸುಲಭವಾಗುತ್ತದೆ.

ಮುಂದಿನ ಹೆಜ್ಜೆ, ನೀವು ಅವರ ಸಂಪರ್ಕದಲ್ಲಿ ಇದ್ದೀರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಇಲ್ಲದಿದ್ದರೆ ಸಾಮಾನ್ಯವಾಗಿ ನೇರ ಸಂದೇಶ ಹೋಗದು. Connect ಒತ್ತಿ Add a note ಆರಿಸಿ ಬರೆಯಬೇಕು. ಉಚಿತ ಖಾತೆಯಲ್ಲಿ ಈ ಟಿಪ್ಪಣಿಗೆ 200 ಅಕ್ಷರಗಳ ಮಿತಿಯಿದೆ, ತಿಂಗಳಿಗೆ ಕೆಲವನ್ನಷ್ಟೇ ಕಳಿಸಬಹುದು. ಕನ್ನಡದಲ್ಲಿ ಬರೆದರೆ ಕೊಂಬು, ಒತ್ತುಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ ಎಂಬುದು ನೆನಪಿರಲಿ. ಪೋಸ್ಟ್ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯುವುದು ಮೇಲು. ಟಿಪ್ಪಣಿಯ ಜೊತೆ ಫೈಲ್ ಲಗತ್ತಿಸಲು ಆಗದು. ಹಾಗಾಗಿ ಇಲ್ಲಿ ರೆಸ್ಯೂಮೆ ಕಳಿಸಲೇ ಎಂದು ಕೇಳುವುದೇ ಸರಿಯಾದ ಕ್ರಮ:

‘ನಮಸ್ಕಾರ ಮೇಡಂ, ಪೀಣ್ಯದ ಅಕೌಂಟ್ಸ್ ಹುದ್ದೆಯ ಪೋಸ್ಟ್ ನೋಡಿದೆ. ಟ್ಯಾಲಿ, ಜಿಎಸ್‌ಟಿಯಲ್ಲಿ 4 ವರ್ಷ ಅನುಭವ, ನೋಟಿಸ್ 30 ದಿನ. ರೆಸ್ಯೂಮೆ ಕಳಿಸಲೇ?’

ಅವರು ಒಪ್ಪಿಕೊಂಡ ಮೇಲೆ, ಅಥವಾ ಮೊದಲೇ ಸಂಪರ್ಕದಲ್ಲಿದ್ದರೆ, ಮತ್ತೆ ಕೇಳುತ್ತಾ ಕೂರಬೇಡಿ. ಸಂದೇಶದ ಜೊತೆಗೇ ರೆಸ್ಯೂಮೆ ಲಗತ್ತಿಸಿ. ಇನ್‌ಬಾಕ್ಸ್ ಪಟ್ಟಿಯಲ್ಲಿ ಸಂದೇಶದ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಅಲ್ಲಿ ‘ಹೇಗಿದ್ದೀರಿ, ಒಂದು ಸಹಾಯ ಬೇಕಿತ್ತು’ ಎಂದಿದ್ದರೆ ಯಾವ ಹುದ್ದೆಯ ವಿಷಯ ಎಂಬುದೇ ತಿಳಿಯದು. ಹುದ್ದೆಯ ಹೆಸರಿನಿಂದಲೇ ಶುರು ಮಾಡಿ:

‘ಅಕೌಂಟ್ಸ್ ಎಕ್ಸಿಕ್ಯೂಟಿವ್, ಪೀಣ್ಯ – ನಿಮ್ಮ ಪೋಸ್ಟ್ ನೋಡಿ ಬರೆಯುತ್ತಿದ್ದೇನೆ ಮೇಡಂ. ಬಿ.ಕಾಂ ಮುಗಿಸಿ 4 ವರ್ಷದಿಂದ ಬಿಡಿಭಾಗ ತಯಾರಿಸುವ ಘಟಕವೊಂದರ ಲೆಕ್ಕ ನೋಡುತ್ತಿದ್ದೇನೆ. ಟ್ಯಾಲಿ ಪ್ರೈಮ್‌ನಲ್ಲಿ ಎಂಟ್ರಿ, ಜಿಎಸ್‌ಟಿಆರ್–1 ಮತ್ತು 3ಬಿ ಸಲ್ಲಿಕೆ ನನ್ನದೇ ಹೊಣೆ. ತಿಂಗಳಿಗೆ ಸುಮಾರು 300 ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡುತ್ತೇನೆ. ನೋಟಿಸ್ 30 ದಿನ. ದಾಸರಹಳ್ಳಿಯಲ್ಲಿ ವಾಸ. ರೆಸ್ಯೂಮೆ ಲಗತ್ತಿಸಿದ್ದೇನೆ. ಸಂಜೆ 6ರ ನಂತರ ಫೋನ್‌ನಲ್ಲಿ ಸಿಗುತ್ತೇನೆ.’

ಪೋಸ್ಟ್ ಕೇಳಿದ್ದಕ್ಕೆಲ್ಲ ಇಲ್ಲಿ ಉತ್ತರವಿದೆ, ಕೇಳದಿದ್ದುದು ಹೆಚ್ಚೇನೂ ಇಲ್ಲ. ಸಂಬಳದ ಮಾತು ಅವರು ಎತ್ತುವವರೆಗೆ ಬೇಡ. 2ಬಿ ಎಂದರೆ ಮಾರಾಟಗಾರರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುವ ಪಟ್ಟಿ. ಅದರ ತಾಳೆಯ ಸಾಲು ಮಾತ್ರ ಬಹಳ ಕೆಲಸ ಮಾಡುತ್ತದೆ: ‘ಜಿಎಸ್‌ಟಿ ಬಲ್ಲೆ’ ಎಂದು ಯಾರು ಬೇಕಾದರೂ ಬರೆಯಬಹುದು, ಖರೀದಿಯಲ್ಲಿ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ತಪ್ಪದಂತೆ ಬಿಲ್ ತಾಳೆ ನೋಡಿದವರು ಮಾತ್ರ ಈ ಸಾಲು ಬರೆಯಬಲ್ಲರು. ನಿಮ್ಮ ಕಸುಬಿನಲ್ಲಿ ಇಂಥ ಒಂದು ಸಾಲು ಯಾವುದು ಎಂದು ಹುಡುಕಲು ಸಮಯ ಕೊಡಿ. ನೋಟಿಸ್ ಅವಧಿ 60 ದಿನವಿದ್ದರೆ 60 ಎಂದೇ ಬರೆಯಿರಿ. ಆಫರ್ ಕೊಡುವ ಹಂತದಲ್ಲಿ ಅದು ಹೇಗೂ ಹೊರಬರುತ್ತದೆ, ಆಗ ಆಫರೇ ಕೈತಪ್ಪಬಹುದು.

ರೆಸ್ಯೂಮೆ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇರಲಿ. ತೆರೆದು ಒಂದು ಸಾಲನ್ನು ಆಯ್ಕೆ ಮಾಡಿ ನೋಡಿ. ಅಕ್ಷರ ಆಯ್ಕೆಯಾಗದಿದ್ದರೆ ಅದು ಬರೀ ಚಿತ್ರ. ಕಂಪನಿಯ ತಂತ್ರಾಂಶದಲ್ಲಿ ‘ಟ್ಯಾಲಿ’ ಎಂದು ಹುಡುಕಿದಾಗ ನಿಮ್ಮ ಹೆಸರು ಬಾರದೇ ಹೋಗಬಹುದು. ಡ್ರೈವ್ ಲಿಂಕ್ ಕಳಿಸುವವರು ಅನುಮತಿ ಕೊಡಲು ಮರೆಯುವುದು ಮಾಮೂಲು. ಎಚ್‌ಆರ್‌ಗೆ ಬೀಗ ಹಾಕಿದ ಪುಟ ಕಾಣುತ್ತದೆ, ಅವರು ಮುಂದಿನವರತ್ತ ಹೋಗುತ್ತಾರೆ. ಕೆಲಸಕ್ಕೆ ಸೇರಿದ ತಿಂಗಳು, ವರ್ಷ ಪ್ರೊಫೈಲಿನಲ್ಲೂ ರೆಸ್ಯೂಮೆಯಲ್ಲೂ ಒಂದೇ ಇವೆಯೇ ಎಂದು ನೋಡಿ, ಏಕೆಂದರೆ ಅವರು ಎರಡನ್ನೂ ತೆರೆಯುತ್ತಾರೆ.

ಫೋನ್ ನಂಬರನ್ನು ಕಾಮೆಂಟಿನಲ್ಲಿ ಹಾಕಬೇಡಿ. ಅಲ್ಲಿಂದ ನಂಬರ್ ಎತ್ತಿಕೊಂಡು ‘ನೋಂದಣಿ ಶುಲ್ಕ’, ‘ತರಬೇತಿ ಶುಲ್ಕ’ ಕೇಳುವವರಿದ್ದಾರೆ. ಹಣದ ಮಾತು ಬಂದೊಡನೆ ಸಂಭಾಷಣೆ ನಿಲ್ಲಿಸಿ.

ಉತ್ತರ ಬಾರದಿದ್ದರೆ ಐದು ಕೆಲಸದ ದಿನ ಕಾಯಿರಿ. ನಂತರ ಅದೇ ಸಂದೇಶದ ಕೆಳಗೆ, ಹೊಸ ಸಂಗತಿಯೇನಾದರೂ ಇದ್ದರೆ ಅದನ್ನೂ ಸೇರಿಸಿ, ಒಮ್ಮೆ ಬರೆಯಿರಿ: ‘ಮೇಡಂ, ಹುದ್ದೆ ಇನ್ನೂ ಖಾಲಿ ಇದೆಯೇ? ಕಂಪನಿಯವರು ನನ್ನನ್ನು 15 ದಿನಕ್ಕೇ ಬಿಡಲು ಒಪ್ಪಿದ್ದಾರೆ.’ ಅದಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯ ಸಂದೇಶ ಬೇಡ. ಸಂಪರ್ಕ ಹಾಗೇ ಇರಲಿ, ಅವರ ಮುಂದಿನ ಪೋಸ್ಟ್ ನಿಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.